ತೊಂಬತ್ತು ಸೆಕೆಂಡಿನ ಮುಖಪರಿಚಯ

ಕೆಲಸಕ್ಕೆ ಅರ್ಜಿ ಹಾಕುವವರಿಂದ ಬಯೋಡೇಟಾ, ಅಂಕಪಟ್ಟಿಗಳ ಜೊತೆಗೆ ಈಗ ಇನ್ನೊಂದನ್ನೂ ಕೇಳುತ್ತಾರೆ: ನಿಮ್ಮ ಪರಿಚಯ ಹೇಳಿಕೊಂಡು ಒಂದೂವರೆ ನಿಮಿಷದ ವಿಡಿಯೊ ಕಳಿಸಿ. ನಮ್ಮ ಬಾಳೂರಿನ ಕಡೆಗೂ ಇದು ಬಂದು ಮುಟ್ಟಿದೆ. ಪಕ್ಕದ ತೋಟದ ರೈಟರ ಮಗಳು ಬಿ.ಕಾಂ. ಮುಗಿಸಿ, ಬೆಂಗಳೂರಿನ ಕಾಫಿ ಖರೀದಿ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಅರ್ಜಿ ಹಾಕಿದಳು. ಲೆಕ್ಕ ಬರೆಯುವುದು ಅರ್ಧ ಕೆಲಸ, ಬೆಳೆಗಾರರಿಗೆ ಫೋನ್ ಮಾಡಿ ತೂಕ, ಓಟಿ, ಪೇಮೆಂಟ್ ವಿಷಯ ಮಾತಾಡುವುದು ಇನ್ನರ್ಧ. ವಿಡಿಯೊ ಕನ್ನಡದಲ್ಲಿದ್ದರೂ ಆದೀತು, ಇಂಗ್ಲಿಷಿನಲ್ಲಿದ್ದರೂ ಆದೀತು, ಶನಿವಾರದೊಳಗೆ ಲಿಂಕ್ ಕಳಿಸಬೇಕು ಎಂದಿದ್ದರು. ಆಗ ಜುಲೈ ತಿಂಗಳು.

‘ಇದನ್ನ ಕಳಿಸ್ಲೇಬೇಕಾ ಚಿಕ್ಕಪ್ಪ?’ ಎಂದು ಅವಳು ಕೇಳಿದಾಗ ನನ್ನ ಬಾಯಿಂದ ಥಟ್ಟನೆ ಉತ್ತರ ಬರಲಿಲ್ಲ. ಕಳಿಸು ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ ಗಟ್ಟಿ ಕಾರಣಗಳಿವೆ.

ಮೊದಲು ಕೇಳುವವರ ಕಡೆಯಿಂದ ನೋಡೋಣ. ಬಾಳೂರಿನಿಂದ ಕೊಟ್ಟಿಗೆಹಾರ, ಮೂಡಿಗೆರೆ, ಹಾಸನ ದಾಟಿ ಬೆಂಗಳೂರು ಮುಟ್ಟಲು ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಹತ್ತು ನಿಮಿಷದ ಮಾತಿಗಾಗಿ ರಾತ್ರಿ ಬಸ್ಸು ಹತ್ತಿ, ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಕಂಪನಿಯ ಸೋಫಾದ ಮೇಲೆ ಎರಡು ಗಂಟೆ ಕಾದು, ‘ತಿಳಿಸ್ತೀವಿ’ ಎಂಬ ಮಾತು ಕೇಳಿಕೊಂಡು ವಾಪಸು ಬಂದವರು ನಮ್ಮ ಕಡೆ ಮನೆಗೊಬ್ಬರಿದ್ದಾರೆ. ಹೆಣ್ಣುಮಗಳಾದರೆ ಜೊತೆಗೊಬ್ಬರು ಹೋಗಬೇಕು, ಅವರ ಒಂದು ದಿನದ ಕೂಲಿಯೂ ಹೋಯಿತು. ಅದರ ಬದಲು ಜಗಲಿಯಲ್ಲಿ ಕೂತು ಒಂದೂವರೆ ನಿಮಿಷ ಮಾತಾಡಿ ಕಳಿಸಿ ಎನ್ನುವುದು ದೂರದ ಊರಿನವರಿಗೆ ಉಪಕಾರವೇ.

ಎರಡನೆಯದು ಇನ್ನೂ ಮುಖ್ಯ. ಕಾಗದದ ಮೇಲೆ ನಮ್ಮ ಮಕ್ಕಳು ಸಾಮಾನ್ಯವಾಗಿ ಸೋಲುತ್ತಾರೆ. ಮೂಡಿಗೆರೆಯ ಸರ್ಕಾರಿ ಕಾಲೇಜಿನ ಹೆಸರು ಬೆಂಗಳೂರಿನ ಹೆಚ್.ಆರ್.ಗೆ ಏನೂ ಹೇಳುವುದಿಲ್ಲ, ದೊಡ್ಡ ಕಾಲೇಜಿನ ಹೆಸರಿದ್ದವರ ಅರ್ಜಿ ಓದದೆಯೇ ಮುಂದೆ ಹೋಗುತ್ತದೆ. ಕಾಗದದಲ್ಲಿ ಜಾತಿ, ಊರು ಕಾಣುವುದಿಲ್ಲ ಎನ್ನುವುದೂ ಸುಳ್ಳು. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ತರಹದ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿ ನೋಡಿದ್ದರು. ಮೇಲ್ಜಾತಿಯ ಹೆಸರಿದ್ದವರಿಗೆ ಹೋಲಿಸಿದರೆ ದಲಿತ ಮತ್ತು ಮುಸ್ಲಿಂ ಹೆಸರಿದ್ದವರಿಗೆ ಕರೆ ಬರುವ ಸಂಭವ ಕಡಿಮೆಯಿತ್ತು. ಬರೀ ಹೆಸರು ನೋಡಿಯೇ ಬದಿಗಿಟ್ಟವರ ಎದುರು ಒಮ್ಮೆ ಬಾಯಿ ಬಿಟ್ಟು ಮಾತಾಡುವ ಅವಕಾಶ ಸಿಕ್ಕರೆ, ಕೆಲವರಿಗಾದರೂ ಅದು ಬಾಗಿಲು ತೆರೆಯಬಹುದು.

ನನ್ನ ಗೆಳೆಯರೊಬ್ಬರು ಕಳಸದ ದಾರಿಯಲ್ಲಿ ಹೋಂಸ್ಟೇ ನಡೆಸುತ್ತಾರೆ. ರಿಸೆಪ್ಷನ್ನಿಗೆ ಜನ ಬೇಕಾದಾಗ ಅವರೂ ವಿಡಿಯೊ ಕೇಳುತ್ತಾರೆ. ‘ಮಾರಾಯ್ರೆ, ಬಯೋಡೇಟಾ ಎಲ್ಲರದ್ದೂ ಒಂದೇ ಸೈಬರ್ ಸೆಂಟರ್‌ನಲ್ಲಿ ಟೈಪ್ ಆಗಿರ್ತದೆ. ಫೋನಲ್ಲಿ ಅಣ್ಣ ಮಾತಾಡಿ ಕೆಲ್ಸಕ್ಕೆ ತಮ್ಮ ಬಂದದ್ದೂ ಉಂಟು. ವಿಡಿಯೊದಲ್ಲಾದ್ರೆ ಬಂದ ಗೆಸ್ಟಿಗೆ ನಮಸ್ಕಾರ ಅಂತ ಹೇಳೋ ಜನ ಹೌದಾ ಅಲ್ವಾ ಅಂತ ಗೊತ್ತಾಗ್ತದೆ’ ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಬಂದವರ ಮುಖ ನೋಡಿ ಮಾತಾಡುವುದೇ ಕೆಲಸವಾಗಿರುವ ಕಡೆ, ಅದನ್ನೇ ನೋಡಬೇಕು ಎನ್ನುವುದರಲ್ಲಿ ತಪ್ಪೇನಿದೆ?

ಈಗ ಆಚೆ ಕಡೆ. ತೊಂದರೆ ಶುರುವಾಗುವುದೇ ಕಣ್ಣಿನಿಂದ. 2013ರಲ್ಲಿ ಚಿಯಾ-ಜಂಗ್ ತ್ಸೈ ಎಂಬ ಸಂಶೋಧಕಿ ಸಂಗೀತ ಸ್ಪರ್ಧೆಗಳ ತುಣುಕುಗಳನ್ನು ಜನರ ಮುಂದಿಟ್ಟು, ಗೆದ್ದವರು ಯಾರಿರಬಹುದು ಎಂದು ಕೇಳಿದರು. ಕೆಲವರಿಗೆ ಬರೀ ಧ್ವನಿ, ಕೆಲವರಿಗೆ ಧ್ವನಿಯಿಲ್ಲದ ಬರೀ ದೃಶ್ಯ. ಧ್ವನಿ ಕೇಳಿದವರಿಗಿಂತ ಮೂಕ ದೃಶ್ಯ ನೋಡಿದವರೇ ಹೆಚ್ಚು ಸಲ ಸರಿಯಾಗಿ ಹೇಳಿದರು. ಸಂಗೀತವನ್ನೇ ವೃತ್ತಿ ಮಾಡಿಕೊಂಡವರ ಕಥೆಯೂ ಅದೇ ಆಗಿತ್ತು. ಅಂದರೆ ಮೂಲ ತೀರ್ಪುಗಾರರು ಕೂಡ ಕಿವಿಗಿಂತ ಕಣ್ಣನ್ನೇ ಹೆಚ್ಚು ನಂಬಿದ್ದರು ಎಂದಾಯಿತು. ಸಂಗೀತದ ಗತಿಯೇ ಹೀಗಾದರೆ, ಲೆಕ್ಕ ಬರೆಯುವ ಹುಡುಗಿಯ ವಿಡಿಯೊದಲ್ಲಿ ಹೆಚ್.ಆರ್. ಕಣ್ಣು ಹೋಗುವುದು ಅವಳ ಮಾತಿನ ಮೇಲೋ, ಅವಳ ಹಿಂದಿನ ಗಾರೆ ಉದುರಿದ ಗೋಡೆಯ ಮೇಲೋ? ತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರು ‘ಹಿನ್ನೆಲೆ ಸ್ವಚ್ಛವಾಗಿರಲಿ’ ಎಂಬ ಸೂಚನೆ ಓದಿದಾಗ ಅವರಿಗೆ ಏನನ್ನಿಸುತ್ತದೆ ಎಂದು ಆ ಸೂಚನೆ ಬರೆದವರು ಯೋಚಿಸಿರಲಿಕ್ಕಿಲ್ಲ.

ಕಾಫಿಯವರಿಗೆ ಇದು ತಿಳಿಯದ ವಿಷಯವೇನಲ್ಲ. ಕಾಫಿ ರುಚಿ ನೋಡುವ ಸ್ಪರ್ಧೆಯಲ್ಲಿ ಕಪ್ಪಿನ ಮುಂದೆ ನಂಬರ್ ಮಾತ್ರ ಇರುತ್ತದೆ. ಯಾರ ತೋಟದ್ದು, ಎಷ್ಟು ಎತ್ತರದ್ದು ಎಂಬುದು ಗೊತ್ತಾದರೆ ನಾಲಿಗೆ ಅದನ್ನೇ ಹೇಳತೊಡಗುತ್ತದೆ ಎಂದು ಎಲ್ಲರೂ ಒಪ್ಪಿದ್ದಾರೆ. ಕಾಫಿ ಬೀಜಕ್ಕೆ ಕೊಡುವ ಈ ಮರ್ಯಾದೆಯನ್ನು ಕಾಫಿ ಕಂಪನಿ ತನ್ನ ಗುಮಾಸ್ತರಿಗೂ ಕೊಡಬಹುದಿತ್ತು. ನಮ್ಮ ಸರ್ಕಾರಕ್ಕೂ ಇಂಥ ಅನುಮಾನ ಬಂದಿದ್ದರಿಂದಲೇ 2016ರ ಜನವರಿ 1ರಿಂದ ಕೇಂದ್ರದ ‘ಸಿ’ ವೃಂದ ಮತ್ತು ಗೆಜೆಟೆಡ್ ಅಲ್ಲದ ‘ಬಿ’ ವೃಂದದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಸಂದರ್ಶನ ಎಂದರೆ ವಶೀಲಿ ಎಂಬ ಅರ್ಥ ಬಂದುಬಿಟ್ಟಿತ್ತಲ್ಲ.

ಹಾಗೆಂದು ವಿಡಿಯೊ ಎಲ್ಲವೂ ಒಂದೇ ಬಗೆಯದಲ್ಲ. ಎರಡು ಕಡೆಯನ್ನೂ ತೂಗಿ ನೋಡಿದ ಮೇಲೆ ನನಗೆ ಕಂಡದ್ದು ಇಷ್ಟು: ವಿಡಿಯೊ ಕೇಳಿದ್ದಾರೆ ಎಂಬುದಕ್ಕಿಂತ ಯಾವ ಹಂತದಲ್ಲಿ ಕೇಳಿದ್ದಾರೆ, ಅದರಲ್ಲಿ ಏನನ್ನು ಹೇಳಲು ಕೇಳಿದ್ದಾರೆ ಎಂಬುದು ದೊಡ್ಡದು. ಅರ್ಜಿ ಹಾಕಿದ ಎಲ್ಲರಿಂದಲೂ ಮೊದಲ ದಿನವೇ ವಿಡಿಯೊ ತರಿಸಿಕೊಂಡರೆ, ಅದು ಜರಡಿ. ನೂರಾರು ಜನ ಕಳಿಸಿದ್ದನ್ನು ಪೂರ್ತಿ ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ, ಮೊದಲ ಹತ್ತು ಸೆಕೆಂಡಿನಲ್ಲಿ ಮುಖ, ಬಟ್ಟೆ, ಉಚ್ಚಾರ ನೋಡಿ ಮುಂದಿನದಕ್ಕೆ ಹೋಗುತ್ತಾರೆ. ಅರ್ಜಿ ಓದಿ ಏಳೆಂಟು ಜನರನ್ನು ಆರಿಸಿಕೊಂಡು ಅವರನ್ನು ಮಾತ್ರ ಕೇಳಿದರೆ, ಅದು ಬಸ್ ಚಾರ್ಜು ಉಳಿಸುವ ಸಂದರ್ಶನ.

ಪ್ರಶ್ನೆಯ ವಿಷಯವೂ ಹಾಗೆಯೇ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ, ಮುಂದೆ ಕೆಲಸದಲ್ಲಿ ಯಾರು ಸೈ ಎನಿಸುತ್ತಾರೆ ಎಂದು ಹೇಳುವುದರಲ್ಲಿ ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕಿಂತ ಮೇಲು ಎಂದು ನೇಮಕಾತಿಯ ಸಂಶೋಧನೆಗಳು ದಶಕಗಳಿಂದ ಹೇಳುತ್ತಿವೆ. ‘ಬೆಳೆಗಾರರೊಬ್ಬರು ತೂಕದಲ್ಲಿ ವ್ಯತ್ಯಾಸವಾಗಿದೆ ಎಂದು ಸಿಟ್ಟಿನಿಂದ ಫೋನ್ ಮಾಡಿದರೆ ಏನು ಹೇಳುತ್ತೀರಿ?’ ಎಂದು ಕೇಳಿದರೆ ಅದಕ್ಕೆ ಅಳತೆ ಇದೆ. ‘ನಿಮ್ಮ ಬಗ್ಗೆ ಹೇಳಿ’ ಎಂದರೆ ಇಲ್ಲ. ನಮ್ಮ ಹುಡುಗಿಗೆ ಬಂದದ್ದು ಎರಡನೆಯ ತರಹದ್ದು, ಅದೂ ಮೊದಲ ಹಂತದಲ್ಲೇ.

ಇನ್ನು ಮಲೆನಾಡಿನ ಮಳೆಗಾಲದ ಲೆಕ್ಕ. ಇದನ್ನು ಪಟ್ಟಣದವರು ನೆವ ಎಂದುಕೊಳ್ಳುತ್ತಾರೆ, ಅದಕ್ಕೇ ಅಂಕಿ ಹಾಕಿ ತೋರಿಸುತ್ತೇನೆ. ಸಾಧಾರಣ ಆಂಡ್ರಾಯ್ಡ್ ಫೋನಿನಲ್ಲಿ 1080p ಇಟ್ಟು ತೊಂಬತ್ತು ಸೆಕೆಂಡ್ ತೆಗೆದರೆ ಫೈಲು ಸುಮಾರು 190 ಎಂಬಿ ಆಗುತ್ತದೆ. ಜುಲೈ ಮಳೆಯಲ್ಲಿ, ಕರೆಂಟು ಹೋಗಿ ಟವರು ಬ್ಯಾಟರಿಯಲ್ಲಿ ಏದುಸಿರು ಬಿಡುತ್ತಿರುವಾಗ, ಮನೆಯ ಹಿಂದಿನ ದಿಬ್ಬದ ಮೇಲೆ ನಿಂತರೆ ಸಿಗುವ ಅಪ್‌ಲೋಡ್ ವೇಗ ಅರ್ಧ ಎಂಬಿಪಿಎಸ್ ಎಂದುಕೊಳ್ಳಿ. ಆ ಫೈಲು ಹೋಗಲು ಐವತ್ತು ನಿಮಿಷ ಬೇಕು, ಅದೂ ಮಧ್ಯೆ ಕಡಿಯದಿದ್ದರೆ. ಕೊಡೆ ಹಿಡಿದುಕೊಂಡು, ಇಂಬಳ ಕೀಳುತ್ತ ಅಷ್ಟು ಹೊತ್ತು ನಿಲ್ಲಬೇಕು. 2020ರಲ್ಲಿ ಆನ್‌ಲೈನ್ ಕ್ಲಾಸಿಗಾಗಿ ಗುಡ್ಡ ಹತ್ತಿದ ಮಕ್ಕಳಿಗೆ ಇದೆಲ್ಲ ಹೊಸದೇನಲ್ಲ. ಬೆಂಗಳೂರಿನ ಹುಡುಗನಿಗೆ ಇದೇ ಕೆಲಸ ಒಂದು ನಿಮಿಷದ್ದು. ಒಂದೇ ಕೊನೆಯ ದಿನಾಂಕ ಇಬ್ಬರಿಗೂ ಅನ್ವಯಿಸುತ್ತದೆ.

ಆದರೆ ಇದಕ್ಕೆ ದಾರಿಯಿದೆ, ಆದ್ದರಿಂದ ಇದೊಂದನ್ನೇ ಕಾರಣವಾಗಿ ಹೇಳಿ ವಿಡಿಯೊ ಬೇಡ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಕ್ಯಾಮೆರಾ ಸೆಟ್ಟಿಂಗಿನಲ್ಲಿ 720pಗೆ ಇಳಿಸಿ ತೆಗೆದು, ವಾಟ್ಸ್‌ಆ್ಯಪ್‌ನಲ್ಲಿ ತನ್ನ ನಂಬರಿಗೇ ಅದನ್ನು ವಿಡಿಯೊ ಆಗಿ ಕಳಿಸಿಕೊಂಡರೆ ಅದೇ ಅದನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಕುಗ್ಗುವುದಿಲ್ಲ. ಹೀಗೆ ಕುಗ್ಗಿದ್ದು 17 ಎಂಬಿ ಆಯಿತೆನ್ನಿ, ಅದೇ ದಿಬ್ಬದ ಮೇಲಿಂದ ಐದು ನಿಮಿಷಕ್ಕೆ ಹೋಗುತ್ತದೆ. ಮೇಲ್‌ಗೆ ಅಂಟಿಸುವುದಾದರೆ ಜಿಮೇಲ್ ಮಿತಿ 25 ಎಂಬಿ, ಆದರೆ ಮೇಲ್‌ನಲ್ಲಿ ಹೋಗುವಾಗ ಫೈಲು ಮೂರನೇ ಒಂದರಷ್ಟು ಊದಿಕೊಳ್ಳುವುದರಿಂದ 18 ದಾಟದಂತೆ ನೋಡಿಕೊಳ್ಳಬೇಕು.

ಹೆಚ್ಚಿನ ಜನ ಎಡವುವುದು ಮಾತ್ರ ಲಿಂಕಿನಲ್ಲಿ. ಡ್ರೈವ್‌ಗೆ ಹಾಕಿ ಲಿಂಕ್ ಕಳಿಸುತ್ತಾರೆ, ಆದರೆ ಅದು `Restricted` ಎಂದೇ ಉಳಿದಿರುತ್ತದೆ. ಆ ಕಡೆಯವರಿಗೆ ಕಾಣುವುದು ಅನುಮತಿ ಕೇಳುವ ಪುಟ, ಅವರು ಕೇಳುವ ಗೋಜಿಗೆ ಹೋಗದೆ ಮುಂದಿನ ಅರ್ಜಿ ತೆರೆಯುತ್ತಾರೆ. ಅದನ್ನು `Anyone with the link` ಎಂದು ಬದಲಿಸಬೇಕು. ಯೂಟ್ಯೂಬ್ ಆದರೆ `Private` ಅಲ್ಲ, `Unlisted`. ಕಳಿಸುವ ಮೊದಲು ತನ್ನ ಅಕೌಂಟ್ ಇಲ್ಲದ ಬೇರೊಂದು ಫೋನಿನಲ್ಲಿ ಲಿಂಕ್ ತೆರೆದು ನೋಡಿದರೆ ಸಾಕು, ಗೊತ್ತಾಗುತ್ತದೆ.

ತೆಗೆಯುವ ಜಾಗದ ಬಗ್ಗೆ ಒಂದೆರಡು ಮಾತು. ಹೆಂಚಿನ ಮನೆಯ ಒಳಗೆ ಹಗಲಲ್ಲೂ ಕತ್ತಲೆ, ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಗೆ ಬೀಳುತ್ತದೆ. ಜಗಲಿಯಲ್ಲಿ ಕಣದ ಕಡೆ ಮುಖ ಮಾಡಿ ಕೂತರೆ ಅಂಗಳದ ಬೆಳಕೇ ಸಾಕು. ಫೋನ್ ಕಣ್ಣಿನ ಎತ್ತರಕ್ಕೆ ಇರಬೇಕು, ನೋಟ ಪರದೆಯಲ್ಲಿ ಕಾಣುವ ತನ್ನ ಮುಖದ ಮೇಲಲ್ಲ, ಲೆನ್ಸಿನ ಮೇಲೆ. ಚಿತ್ರಕ್ಕಿಂತ ಮೊದಲು ಕೆಡುವುದು ಧ್ವನಿ. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಎಷ್ಟು ಗಟ್ಟಿಯಾಗಿ ಕೂಗಿದರೂ ಪ್ರಯೋಜನವಿಲ್ಲ, ಇಯರ್‌ಫೋನಿನ ಮೈಕ್ ಹಾಕಿಕೊಂಡು ಹೊಳವಾಗುವ ತನಕ ಕಾಯಬೇಕು. ಪಕ್ಕದ ತೋಟದಲ್ಲಿ ಕಳೆ ಹೊಡೆಯುವ ಮಿಷನ್ ಶುರುವಾದರೆ ಮುಗಿಯಿತು, ಮಧ್ಯಾಹ್ನ ಊಟದ ಹೊತ್ತಿಗೆ ಅದು ನಿಂತೇ ನಿಲ್ಲುತ್ತದೆ.

ಮಾತಿನಲ್ಲಿ ಏನಿರಬೇಕು? ಅವಳು ಮೊದಲು ಬರೆದುಕೊಂಡದ್ದು ಹೆಸರು, ಊರು, ತಂದೆ ತಾಯಿ, ಓದು, ಹವ್ಯಾಸ, ‘ನಾನು ಕಷ್ಟಪಟ್ಟು ದುಡಿಯುವವಳು’. ಇದೆಲ್ಲ ಬಯೋಡೇಟಾದಲ್ಲೇ ಇದೆ, ಇಲ್ಲದಿದ್ದರೂ ಯಾರೂ ನಂಬುವುದಿಲ್ಲ. ನಾನು ಕೇಳಿದೆ, ಅಪ್ಪನ ಚೆಕ್‌ರೋಲ್ ಬರೆಯುವುದು ಈಗ ಯಾರು ಎಂದು. ಕಳೆದ ಎರಡು ಕೊಯ್ಲಿನಿಂದ ಅವಳೇ. ಆಳುಗಳ ಹಾಜರಿ, ತಲೆಗೆ ಎಷ್ಟು ಕೆಜಿ ಹಣ್ಣು, ಒಣಗಿದ ಮೇಲೆ ಎಷ್ಟು ಮೂಟೆ, ಎಲ್ಲ ಅವಳ ಕೈಬರಹ. ಒಂದು ಸಲ ವ್ಯಾಪಾರಿ ರೋಬಸ್ಟಾ ಚೆರಿಗೆ ಓಟಿ 26 ಎಂದಿದ್ದಾನೆ. ಐವತ್ತು ಕೆಜಿ ಮೂಟೆ ಚೆರಿಯಲ್ಲಿ 26 ಕೆಜಿ ಬೀಜ ಎಂದರ್ಥ. ಇವಳು ಮನೆಯಲ್ಲೇ ಒಂದು ಕೆಜಿ ಚೆರಿ ಕುಟ್ಟಿ ಸಿಪ್ಪೆ ತೆಗೆದು ತೂಗಿದ್ದಾಳೆ, 560 ಗ್ರಾಂ ಬಂತು, ಮೂಟೆಗೆ 28. ಮರುದಿನ ಅಪ್ಪ ಬೇರೆ ಕಡೆ ಸ್ಯಾಂಪಲ್ ತೋರಿಸಿದರು. ಮೂಟೆಗೆ ಎರಡು ಕೆಜಿ ಬೀಜದ ದುಡ್ಡು ಉಳಿಯಿತು.

ತೊಂಬತ್ತು ಸೆಕೆಂಡಿಗೆ ಇದೊಂದೇ ಸಾಕು. ಹೆಸರಿಗೆ ಹತ್ತು ಸೆಕೆಂಡ್, ಈ ಸಂಗತಿಗೆ ಒಂದು ನಿಮಿಷ, ಈ ಕೆಲಸ ಯಾಕೆ ಬೇಕು ಎಂಬುದಕ್ಕೆ ಉಳಿದ ಇಪ್ಪತ್ತು. ಬರೆದು ಓದಿದರೆ ಕಣ್ಣು ಸಾಲಿನಿಂದ ಸಾಲಿಗೆ ಓಡುವುದು ಕಾಣುತ್ತದೆ, ಆದ್ದರಿಂದ ಮೂರು ಪದ ಮಾತ್ರ ಚೀಟಿಯಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿಕೊಳ್ಳುವುದು: ಚೆಕ್‌ರೋಲ್, ಒಂದು ಕೆಜಿ, ಬೆಳೆಗಾರರ ಫೋನ್. ಕನ್ನಡದಲ್ಲೇ ಮಾತಾಡು ಎಂದೆ. ಅವಳು ದಿನವೂ ಫೋನ್ ಮಾಡಬೇಕಾದವರು ಸಕಲೇಶಪುರದ, ಕೊಪ್ಪದ, ನಮ್ಮ ಬಾಳೂರಿನ ಬೆಳೆಗಾರರು. ಅವರೊಡನೆ ಇಂಗ್ಲಿಷಿನಲ್ಲಿ ಓಟಿ ಮಾತಾಡಿದವರನ್ನು ನಾನಂತೂ ಕಂಡಿಲ್ಲ.

ಇಷ್ಟು ಹೇಳಿಕೊಟ್ಟ ಮೇಲೂ ನನ್ನ ಸಲಹೆ ಬೇರೆಯೇ ಇತ್ತು. ಈ ಕೆಲಸದಲ್ಲಿ ಬೆಳೆಗಾರರು ಅವಳ ಮುಖ ನೋಡುವುದಿಲ್ಲ, ಧ್ವನಿ ಕೇಳುತ್ತಾರೆ. ಹಾಗಾದರೆ ಫೋನ್ ಸಂದರ್ಶನ ಸಾಕಲ್ಲ? ಕಂಪನಿಗೆ ಹೀಗೆ ಬರೆಯಬಹುದಿತ್ತು:

‘ನಮಸ್ಕಾರ. ನನ್ನ ಅರ್ಜಿ ಮತ್ತು ಅಂಕಪಟ್ಟಿ ಕಳಿಸಿದ್ದೇನೆ. ಮಳೆಯಿಂದಾಗಿ ನಮ್ಮಲ್ಲಿ ನೆಟ್‌ವರ್ಕ್ ಸರಿಯಿಲ್ಲ. ವಿಡಿಯೊ ಬದಲು ನಿಮಗೆ ಅನುಕೂಲವಾದ ಸಮಯದಲ್ಲಿ ಹತ್ತು ನಿಮಿಷ ಫೋನಿನಲ್ಲಿ ಮಾತಾಡಲು ಸಿದ್ಧಳಿದ್ದೇನೆ. ವಿಡಿಯೊ ಬೇಕೇ ಬೇಕು ಎಂದಾದರೆ ಕಳಿಸುತ್ತೇನೆ. ಅದನ್ನು ಯಾರು ನೋಡುತ್ತಾರೆ, ನೇಮಕಾತಿ ಮುಗಿದ ಮೇಲೆ ಅಳಿಸುತ್ತೀರಾ ಎಂದು ತಿಳಿಸಿದರೆ ಉಪಕಾರವಾಗುತ್ತದೆ.’

ಕೊನೆಯ ಸಾಲು ಅಧಿಕಪ್ರಸಂಗವಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2020ರಿಂದ ಒಂದು ಕಾಯ್ದೆಯಿದೆ: ವಿಡಿಯೊ ಸಂದರ್ಶನವನ್ನು ಕೃತಕ ಬುದ್ಧಿಮತ್ತೆಯ ಯಂತ್ರದಿಂದ ಅಳೆಯುವುದಾದರೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು, ಅಭ್ಯರ್ಥಿ ಕೇಳಿದರೆ 30 ದಿನದೊಳಗೆ ಅಳಿಸಬೇಕು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಕೊಟ್ಟವರಿಗೆ ಅದನ್ನು ಹಿಂಪಡೆಯುವ, ಮಾಹಿತಿ ಅಳಿಸಲು ಕೇಳುವ ಹಕ್ಕು ಕೊಡುತ್ತದೆ. ಯಾಕೆ ತೆಗೆದುಕೊಳ್ಳುತ್ತಿದ್ದೇವೆ ಎಂಬ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೇ ಅನುಸೂಚಿಯ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆ ಇರಬೇಕು ಎನ್ನುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು, ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಅಲ್ಲಿಯವರೆಗೆ ಇದು ಸೌಜನ್ಯದ ಪ್ರಶ್ನೆ.

ಒಂದು ಕಡೆ ಮಾತ್ರ ತೂಗಿ ನೋಡುವ ಮಾತೇ ಇಲ್ಲ. ಕೆಲಸದ ನೆವದಲ್ಲಿ, ಆಧಾರ್ ಅಥವಾ ಪಾನ್ ಕಾರ್ಡನ್ನು ಮುಖದ ಪಕ್ಕ ಹಿಡಿದುಕೊಳ್ಳಿ, ತಲೆ ಎಡಕ್ಕೆ ಬಲಕ್ಕೆ ತಿರುಗಿಸಿ, ಕಣ್ಣು ಮಿಟುಕಿಸಿ, ಪರದೆಯಲ್ಲಿ ಬರುವ ನಂಬರ್ ಓದಿ ಎಂದರೆ ಅಲ್ಲಿಗೇ ನಿಲ್ಲಿಸಬೇಕು. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ವಿಡಿಯೊ ಮೂಲಕ ಗ್ರಾಹಕರ ಗುರುತು ಪರಿಶೀಲಿಸಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು, ಇವೆಲ್ಲ ಅಂಥ ಪರಿಶೀಲನೆಯಲ್ಲಿ ಕೇಳುವಂಥವು. ಪರಿಚಯದ ವಿಡಿಯೊಗೆ ಇದರ ಅಗತ್ಯವೇ ಇಲ್ಲ. ನಿಮ್ಮ ಹೆಸರಿನಲ್ಲಿ ಖಾತೆಯನ್ನೋ ಸಾಲವನ್ನೋ ತೆಗೆಯಲು ಹೊರಟವರಿಗೆ ಮಾತ್ರ ಇದೆ.

ನಾನು ಬರೆದುಕೊಟ್ಟ ಆ ಪತ್ರವನ್ನು ಅವಳು ಓದಿ ಮಡಿಚಿಟ್ಟಳು. ಕಳಿಸಲಿಲ್ಲ. ‘ಚಿಕ್ಕಪ್ಪ, ನೀವು ಹೇಳೋದು ಸರಿ. ಆದ್ರೆ ಕೆಲ್ಸ ಸಿಗೋ ಮೊದ್ಲೇ ಕಂಡೀಷನ್ ಹಾಕ್ತಾಳೆ ಅಂತ ಹೆಸ್ರು ಬೀಳೋದು ಬೇಡ. ಅಲ್ದೆ ನಂಗೆ ಮಾತಾಡೋಕೆ ಬರ್ತದೆ, ಯಾಕೆ ಹೆದರ್ಬೇಕು?’ ಎಂದು ಗುರುವಾರ ಮಧ್ಯಾಹ್ನ ಹೊಳವಾದಾಗ ಜಗಲಿಯಲ್ಲೇ ಕೂತು ಕನ್ನಡದಲ್ಲಿ ತೆಗೆದು, ಕೊಟ್ಟಿಗೆಹಾರಕ್ಕೆ ಹೋಗಿ ಲಿಂಕ್ ಕಳಿಸಿ ಬಂದಳು. ಅವಳ ಲೆಕ್ಕವೂ ತಪ್ಪಲ್ಲ. ಮಾತು ಬಲ್ಲವಳಿಗೆ ವಿಡಿಯೊ ಲಾಭ, ಆ ಲಾಭ ಬಿಟ್ಟುಕೊಡು ಎಂದು ನ್ಯಾಯದ ಹೆಸರಿನಲ್ಲಿ ಹೇಳಲು ನಾನು ಯಾರು? ಅವಳಷ್ಟೇ ಚೆನ್ನಾಗಿ ಲೆಕ್ಕ ಬಲ್ಲ, ಆದರೆ ಕ್ಯಾಮೆರಾ ಕಂಡರೆ ಗಂಟಲು ಕಟ್ಟುವ ಇನ್ನೊಬ್ಬಳು ಅದೇ ಕೆಲಸಕ್ಕೆ ಅರ್ಜಿ ಹಾಕಿರಬಹುದು, ಅವಳೂ ಪತ್ರ ಬರೆದು ಕೇಳುವವಳಲ್ಲ.

ಆದ್ದರಿಂದ ಕೇಳುವ ಭಾರವನ್ನು ಅರ್ಜಿದಾರರ ಮೇಲೆ ಹಾಕಿದ್ದೇ ಸರಿಯಲ್ಲ. ಜಾಹೀರಾತಿನಲ್ಲೇ ಎರಡು ಸಾಲು ಸೇರಿಸಿದರೆ ಆಗುತ್ತಿತ್ತು: ‘ವಿಡಿಯೊ ಅಥವಾ ಫೋನ್ ಸಂದರ್ಶನ, ಎರಡರಲ್ಲಿ ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ, ಎರಡಕ್ಕೂ ಇದೇ ಪ್ರಶ್ನೆ. ಕಳಿಸಿದ ವಿಡಿಯೊವನ್ನು ನೇಮಕಾತಿ ಮುಗಿದ ತಿಂಗಳೊಳಗೆ ಅಳಿಸುತ್ತೇವೆ.’ ಹೋಂಸ್ಟೇ ಗೆಳೆಯರಿಗೆ ಇದನ್ನು ಹೇಳಿದೆ. ಮೊದಲ ಸಾಲಿಗೆ ಅವರು ಒಪ್ಪಲಿಲ್ಲ, ತಮ್ಮ ಕೆಲಸಕ್ಕೆ ಮುಖ ನೋಡಲೇಬೇಕು ಎಂದರು. ಎರಡನೆಯದನ್ನು ಬರೆದುಕೊಂಡರು. ಹೋದ ವರ್ಷದವರ ವಿಡಿಯೊಗಳೆಲ್ಲ ತಮ್ಮ ಫೋನಿನಲ್ಲಿ ಇನ್ನೂ ಹಾಗೇ ಇವೆ ಎಂಬುದು ಅವರಿಗೆ ನೆನಪಾದದ್ದೇ ಆಗ.